ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ: ಕಾಸರಗೋಡಿನವರು ಬೆಂಗಳೂರಿನ ಸಿಟಿ ಬಸ್ಸನ್ನು ಓದಿಕೊಳ್ಳುವ ಕ್ರಮ

ಬದಿಯಡ್ಕದಲ್ಲೋ ಪೆರ್ಲದಲ್ಲೋ ಬಸ್ಸಿಗೆ ನಂಬರು ಯಾರೂ ಕೇಳುವುದಿಲ್ಲ. ಬಸ್ಸಿಗೆ ಒಂದು ಹೆಸರಿದೆ, ಒಂದು ಹೊತ್ತಿದೆ. ಎಂಟೂಕಾಲರದು ಹೋಯಿತಾ ಎಂದು ಕೇಳಿದರೆ ಅಂಗಡಿಯವನೇ ಹೇಳುತ್ತಾನೆ. ಪರೀಕ್ಷೆಗೋ ಸಂದರ್ಶನಕ್ಕೋ ಆಸ್ಪತ್ರೆಗೋ ಮೊದಲ ಬಾರಿ ಬೆಂಗಳೂರಿಗೆ ಹೋದವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಅಲ್ಲಿ ಬಸ್ಸಿಗೆ ಹೆಸರಿಲ್ಲ. ಹೊತ್ತು ಟ್ರಾಫಿಕ್ಕಿನ ಕೈಯಲ್ಲಿದೆ. ಉಳಿಯುವುದು ನಂಬರು ಒಂದೇ. ಆ ನಂಬರಿನ ಹಿಂದೆ ಒಂದು ಲೆಕ್ಕವಿದೆ ಎಂಬುದು ಬೆಂಗಳೂರಿನಲ್ಲೇ ಇರುವ ಎಷ್ಟೋ ಜನರಿಗೂ ಗೊತ್ತಿರುವುದಿಲ್ಲ. ಅದು ಹಿಡಿದರೆ ಯಾರನ್ನೂ ಕೇಳದೆ, ಬರುತ್ತಿರುವ ಬಸ್ಸು ಊರಿನ ಯಾವ ದಿಕ್ಕಿನದು ಎಂದು ದೂರದಿಂದಲೇ ಹೇಳಬಹುದು.

ಇಲ್ಲಿ ಹೇಳುವುದೆಲ್ಲ ಬಿಎಂಟಿಸಿ ಬಗ್ಗೆ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಈ ನಿಗಮ ಬೆಂಗಳೂರು ನಗರ ಮತ್ತು ಅದರ ಸುತ್ತಿನ ಊರುಗಳಿಗೆ ಮಾತ್ರ ಬಸ್ ಓಡಿಸುತ್ತದೆ. ಕಾಸರಗೋಡಿಗೆ ಬರುವ ಕೆಂಪು ಬಸ್ಸಿನ ಟಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಊರಿನ ಬಸ್ಸಿನ ರಿಸರ್ವೇಶನ್ ತೋರಿಸಿ ಸಿಟಿ ಬಸ್ಸಿನಲ್ಲಿ ಮುಂದುವರಿಯಲು ಆಗುವುದಿಲ್ಲ.

ನಂಬರು ಪ್ರದಕ್ಷಿಣೆ ಬರುತ್ತದೆ

ಬೆಂಗಳೂರನ್ನು ಒಂದು ದೇವಸ್ಥಾನ ಎಂದುಕೊಳ್ಳಿ, ಗರ್ಭಗುಡಿಯ ಜಾಗದಲ್ಲಿ ಮೆಜೆಸ್ಟಿಕ್ ಮತ್ತು ಸಿಟಿ ಮಾರ್ಕೆಟ್. ಅಲ್ಲಿಂದ ಹೊರಗೆ ಹೋಗುವ ದೊಡ್ಡ ರಸ್ತೆಗಳಿಗೆಲ್ಲ ದಕ್ಷಿಣದಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ನಂಬರು ಕೊಡುತ್ತ ಹೋದ ಹಾಗಿದೆ. 200ರ ಸರಣಿ ದಕ್ಷಿಣದಲ್ಲಿ ಆರಂಭವಾಗಿ ಪಶ್ಚಿಮ ಬಳಸಿ ಉತ್ತರಕ್ಕೆ ಮುಗಿಯುತ್ತದೆ. 300ರ ಸರಣಿ ಅಲ್ಲಿಂದ ಪೂರ್ವ ಬಳಸಿ ಮತ್ತೆ ದಕ್ಷಿಣಕ್ಕೆ ಬಂದು ಸೇರುತ್ತದೆ.

ವಿವರವಾಗಿ ನೋಡೋಣ. 213 ಕನಕಪುರ ರಸ್ತೆಯ ಕಗ್ಗಲಿಪುರದ ಕಡೆ. 226 ಮೈಸೂರು ರಸ್ತೆಯಲ್ಲಿ ಬಿಡದಿಯ ಕಡೆ. 240ರ ಆಸುಪಾಸಿನವು ಮಾಗಡಿ ರಸ್ತೆಯವು. 258 ತುಮಕೂರು ರಸ್ತೆಯ ನೆಲಮಂಗಲ. 276 ವಿದ್ಯಾರಣ್ಯಪುರ, 285 ಯಲಹಂಕ ಮತ್ತು ದೊಡ್ಡಬಳ್ಳಾಪುರದ ಕಡೆ, 298 ದೇವನಹಳ್ಳಿ. ಅಲ್ಲಿಗೆ ಉತ್ತರ ಮುಗಿಯಿತು. ಈಗ ಪೂರ್ವಕ್ಕೆ ತಿರುಗಿ. 317 ಹೊಸಕೋಟೆ, 335 ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಮಾರತ್ತಹಳ್ಳಿ ಮತ್ತು ಕಾಡುಗೋಡಿ, 342 ಸರ್ಜಾಪುರ, 356 ಮತ್ತು 360 ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಚಂದಾಪುರ, ಅತ್ತಿಬೆಲೆಯ ಕಡೆ, ಕೊನೆಗೆ 365 ಬನ್ನೇರುಘಟ್ಟ. ಬನ್ನೇರುಘಟ್ಟದ ಪಕ್ಕದ ದೊಡ್ಡ ರಸ್ತೆ ಮತ್ತೆ ಕನಕಪುರ ರಸ್ತೆಯೇ. ಸುತ್ತು ಪೂರ್ತಿಯಾಯಿತು.

ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. 22 ಎಂದು ಶುರುವಾದರೆ ಮೈಸೂರು ರಸ್ತೆ, 25 ಎಂದರೆ ತುಮಕೂರು ರಸ್ತೆ, 28 ಎಂದರೆ ಯಲಹಂಕ, 33 ಎಂದರೆ ವೈಟ್‌ಫೀಲ್ಡ್ ಕಡೆ, 36 ಎಂದರೆ ಹೊಸೂರು ಅಥವಾ ಬನ್ನೇರುಘಟ್ಟದ ಕಡೆ ಎಂಬಷ್ಟು ನೆನಪಿದ್ದರೆ ಸಾಕು. ನೀವು ಹೋಗಬೇಕಾದ್ದು ಮಾರತ್ತಹಳ್ಳಿ, ಎದುರಿಗೆ ನಿಂತದ್ದು 276 ಎಂದಾದರೆ ಅದರ ಬೋರ್ಡು ಓದುವ ಅಗತ್ಯವೇ ಇಲ್ಲ.

ಕಾಸರಗೋಡಿನ ಕಡೆಯವರಿಗೆ ಈ ಲೆಕ್ಕ ಬಂದಿಳಿದ ಕೂಡಲೇ ಉಪಯೋಗಕ್ಕೆ ಬರುತ್ತದೆ. ಸುಳ್ಯ, ಮಡಿಕೇರಿ, ಮೈಸೂರು ದಾಟಿ ಬರುವ ಬಸ್ಸು ಬೆಂಗಳೂರಿನೊಳಗೆ ಮೈಸೂರು ರಸ್ತೆಯಿಂದ ನುಗ್ಗುತ್ತದೆ, ಅಂದರೆ 22ರ ಬದಿಯಿಂದ. ಮಂಗಳೂರು, ಶಿರಾಡಿ ಘಾಟಿ, ಹಾಸನದ ದಾರಿಯಾಗಿ ಬರುವುದು ನೆಲಮಂಗಲ, ಗೊರಗುಂಟೆಪಾಳ್ಯ, ಯಶವಂತಪುರದ ಮೂಲಕ, ಅಂದರೆ 25ರ ಬದಿಯಿಂದ. ನಿಮ್ಮ ನೆಂಟರ ಮನೆ ಕೆಂಗೇರಿಯಲ್ಲಿದ್ದು ನೀವು ಮೈಸೂರು ದಾರಿಯ ಬಸ್ಸಿನಲ್ಲಿ ಬಂದಿದ್ದರೆ ಮೆಜೆಸ್ಟಿಕ್‌ವರೆಗೆ ಹೋಗಿ ಅದೇ ರಸ್ತೆಯಲ್ಲಿ ಹಿಂದೆ ಬರುವುದು ದಂಡ. ಊರಿನಲ್ಲೇ ಇದನ್ನು ನೋಡಿಕೊಂಡು ಎಲ್ಲಿ ಇಳಿಯಬೇಕೆಂದು ನಿರ್ಧರಿಸಿ.

ಉಳಿದ ಸರಣಿಗಳ ವಿಷಯ ಇಷ್ಟು. ಒಂದಂಕಿ, ಎರಡಂಕಿ ಮತ್ತು ನೂರರ ಒಳಹೊರಗಿನ ಚಿಕ್ಕ ನಂಬರುಗಳು ಹೆಚ್ಚಾಗಿ ಹಳೆಯ ಊರಿನೊಳಗಿನವು. ಜಯನಗರ, ಬಸವನಗುಡಿ, ರಾಜಾಜಿನಗರದಂಥ ಬಡಾವಣೆಗಳನ್ನು ಅವು ಮುಟ್ಟುತ್ತವೆ. 400ರವು ಪಶ್ಚಿಮದ ಬಡಾವಣೆಗಳನ್ನು ಅಡ್ಡಡ್ಡ ಜೋಡಿಸುತ್ತವೆ. ಯಲಹಂಕ, ಯಶವಂತಪುರ, ಕೆಂಗೇರಿಯ ನಡುವಿನ 401ರ ಗುಂಪು ಇದಕ್ಕೆ ಉದಾಹರಣೆ. 500ರವು ಹೊರ ವರ್ತುಲ ರಸ್ತೆಯವು. ಹೆಬ್ಬಾಳದಿಂದ ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿಯ ಮೇಲೆ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ಇವುಗಳಲ್ಲಿ ಹೆಸರಾದದ್ದು. ಈ 400, 500ರವುಗಳನ್ನು ಮೆಜೆಸ್ಟಿಕ್‌ನಲ್ಲಿ ಹುಡುಕುತ್ತ ನಿಲ್ಲಬೇಡಿ. ಊರಿನ ನಡುವಿಗೆ ಬಾರದೆ ಸುತ್ತ ಹೋಗುವುದೇ ಅವುಗಳ ಕೆಲಸ.

ಲೆಕ್ಕಕ್ಕೆ ಒಗ್ಗದ ನಂಬರುಗಳೂ ಇವೆ. ಎಷ್ಟೋ ವರ್ಷಗಳಲ್ಲಿ ದಾರಿ ಬೆಳೆದಿದೆ, ತುಂಡಾಗಿದೆ, ನಂಬರು ಮಾತ್ರ ಹಾಗೆಯೇ ಉಳಿದಿದೆ. ಹಾಗಾಗಿ ನಂಬರಿನಿಂದ ದಿಕ್ಕು ತಿಳಿದುಕೊಳ್ಳಿ, ಹತ್ತುವ ಮೊದಲು ಬೋರ್ಡು ನೋಡಿ ಖಾತ್ರಿ ಮಾಡಿಕೊಳ್ಳಿ.

ಅಕ್ಷರವನ್ನು ಬಿಟ್ಟು ಓದಿದರೆ ಆಗುವ ಎಡವಟ್ಟು

ನಂಬರಿನ ಕೊನೆಗೆ ಬರುವ ಅಕ್ಷರ, ಮೊದಲಿಗೆ ಬರುವ ಅಕ್ಷರ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ.

ಕೊನೆಯ ಅಕ್ಷರ ಅದೇ ದಿಕ್ಕಿನ ಇನ್ನೊಂದು ದಾರಿ ಎಂದು ಹೇಳುತ್ತದೆ. 335ಇ ಮತ್ತು ಬೇರೆ 335ಗಳು ಬಹಳ ದೂರ ಒಟ್ಟಿಗೇ ಓಡಿ ಎಲ್ಲೋ ಒಂದು ಕಡೆ ಕವಲೊಡೆಯಬಹುದು, ಇಲ್ಲವೇ ಹೊರಡುವ ಜಾಗವೇ ಬೇರೆಯಿರಬಹುದು. ಇಂಥ ಅಕ್ಷರಕ್ಕೆ ಇಂಥದೇ ಅರ್ಥ ಎಂದು ಎಲ್ಲ ಸರಣಿಗಳಿಗೂ ಒಗ್ಗುವ ನಿಯಮ ಇಲ್ಲ. ನೀವು ಇಳಿಯುವ ಜಾಗ ಕವಲಿಗಿಂತ ಮೊದಲೇ ಇದ್ದರೆ ಯಾವ ಅಕ್ಷರವಾದರೂ ಆದೀತು. ಕವಲಿನ ಆಚೆ ಇದ್ದರೆ ಅಕ್ಷರವೂ ಸರಿಯಿರಬೇಕು. ಯಾರಾದರೂ ಫೋನಿನಲ್ಲಿ ನಂಬರು ಹೇಳಿದರೆ ಅಕ್ಷರವನ್ನೂ ಸೇರಿಸಿಯೇ ಬರೆದುಕೊಳ್ಳಿ.

ಮೊದಲಿನ ಅಕ್ಷರ ಬಸ್ಸಿನ ಜಾತಿಯನ್ನು ಹೇಳುತ್ತದೆ, ಅಂದರೆ ನಿಮ್ಮ ಕಿಸೆಗೆ ಸಂಬಂಧಿಸಿದ್ದು. V ಎಂದಿದ್ದರೆ ವಜ್ರ, ಎಸಿ ಬಸ್ಸು. V-500D ಮತ್ತು 500D ಒಂದೇ ರಸ್ತೆಯಲ್ಲಿ ಹೋದರೂ ದರದಲ್ಲಿ ಬಹಳ ವ್ಯತ್ಯಾಸ. KIA ಎಂದಿದ್ದರೆ ವಿಮಾನ ನಿಲ್ದಾಣದ ವಾಯುವಜ್ರ. MF ಎಂದಿದ್ದರೆ ಮೆಟ್ರೋ ಸ್ಟೇಶನ್ನಿನಿಂದ ಪಕ್ಕದ ಬಡಾವಣೆಗೆ ಹೋಗಿಬರುವ ಚಿಕ್ಕ ದಾರಿಯ ಬಸ್ಸು.

ಇನ್ನೆರಡು ಮಾತು. ನಂಬರು ಪ್ಲೇಟಿನಲ್ಲಿರುವ KA-57 F ಎಂಬಂಥದ್ದು ಗಾಡಿಯ ನೋಂದಣಿ, ದಾರಿಯ ನಂಬರಲ್ಲ. ಗಡಿಬಿಡಿಯಲ್ಲಿ ಅದನ್ನೇ ದಾರಿಯ ನಂಬರು ಎಂದುಕೊಂಡು 57ನೇ ನಂಬರಿನ ಬಸ್ ಬಂತೆಂದು ಓಡುವವರಿದ್ದಾರೆ. ದಾರಿಯ ನಂಬರು ಇರುವುದು ಗಾಜಿನ ಮೇಲ್ಗಡೆಯ ಫಲಕದಲ್ಲಿ. ಎರಡನೆಯದಾಗಿ, ಹೋಗುವ ಬಸ್ಸಿಗೂ ಬರುವ ಬಸ್ಸಿಗೂ ನಂಬರು ಒಂದೇ. 500ಡಿ ಎಂದು ಹತ್ತಿ, ಸಿಲ್ಕ್ ಬೋರ್ಡಿನ ಬದಲು ಹೆಬ್ಬಾಳಕ್ಕೆ ಹೋಗಿ ಮುಟ್ಟುವುದು ಹೊಸಬರ ತೀರ ಸಾಮಾನ್ಯ ತಪ್ಪು. ರಸ್ತೆಯ ಯಾವ ಮಗ್ಗುಲಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ದಿಕ್ಕು ನಿರ್ಧಾರವಾಗುತ್ತದೆ. ನೀವು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಂತರೆ ರಸ್ತೆ ನಿಮ್ಮ ಬಲಕ್ಕಿರಬೇಕು. ಫಲಕದಲ್ಲಿ ನಂಬರಿನ ಪಕ್ಕ ಬರುವ ಊರಿನ ಹೆಸರು ಬಸ್ಸು ಮುಟ್ಟುವ ಕಡೆಯದು. ಅದನ್ನು ಓದಿದ ಮೇಲೆಯೇ ಕೈ ತೋರಿಸಿ.

ಸ್ಟೇಜು ಎಂದರೆ ಏನು, ಟಿಕೆಟ್ ಏಕೆ ಹಾಗೆ ಬರುತ್ತದೆ

ಸ್ಟೇಜಿನ ಪದ್ಧತಿ ನಮಗೆ ಹೊಸತಲ್ಲ. ಕೇರಳದ ಬಸ್ಸಿನಲ್ಲೂ ಅದೇ ಇದೆ, ಕನಿಷ್ಠ ದರ 10 ರೂಪಾಯಿ. ಬಿಎಂಟಿಸಿಯ ಸಾಧಾರಣ ಬಸ್ಸಿನಲ್ಲಿ 2025ರ ಜನವರಿಯಲ್ಲಿ ದರ ಏರಿದ ಮೇಲೆ ಮೊದಲ ಸ್ಟೇಜಿಗೆ 6 ರೂಪಾಯಿ, ಎರಡನೆಯದಕ್ಕೆ 12. ಒಂದು ಸ್ಟೇಜು ಸುಮಾರು ಎರಡು ಕಿಲೋಮೀಟರು. ಆಮೇಲೆ ದೂರ ಹೆಚ್ಚಾದಂತೆ ಏರಿಕೆ ನಿಧಾನವಾಗುತ್ತದೆ. ಊರಿನ ನಡುವಿನಿಂದ ಅಂಚಿಗೆ ಹೋದರೂ ಸಾಧಾರಣ ಬಸ್ಸಿನ ಟಿಕೆಟ್ 30ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಎಲ್ಲ ನಿಲ್ದಾಣಗಳೂ ಸ್ಟೇಜುಗಳಲ್ಲ ಎಂಬುದು ಇಲ್ಲಿ ಅರ್ಥವಾಗಬೇಕಾದ ಮುಖ್ಯ ಸಂಗತಿ. ಎರಡು ಸ್ಟೇಜುಗಳ ನಡುವೆ ಎರಡೋ ಮೂರೋ ಸಣ್ಣ ನಿಲ್ದಾಣಗಳಿರುತ್ತವೆ. ನೀವು ನಡುವಿನ ನಿಲ್ದಾಣದಲ್ಲಿ ಹತ್ತಿದರೆ ದರ ಲೆಕ್ಕವಾಗುವುದು ಹಿಂದೆ ಹೋದ ಸ್ಟೇಜಿನಿಂದ. ನಡುವಿನ ನಿಲ್ದಾಣದಲ್ಲಿ ಇಳಿದರೆ ಮುಂದೆ ಬರುವ ಸ್ಟೇಜಿನವರೆಗೆ. ಹಾಗಾಗಿ ನೀವು ಪ್ರಯಾಣ ಮಾಡಿದ್ದು ಎರಡೇ ನಿಲ್ದಾಣ, ಒಂದೂವರೆ ಕಿಲೋಮೀಟರು ಆಗಿದ್ದರೂ, ನಡುವೆ ಸ್ಟೇಜಿನ ಗೆರೆ ಒಂದು ದಾಟಿದ್ದರೆ 12 ರೂಪಾಯಿ ಬರುತ್ತದೆ. ಪಕ್ಕದ ಸೀಟಿನವರು ನಿಮಗಿಂತ ದೂರ ಹೋಗಿ 6 ರೂಪಾಯಿ ಕೊಟ್ಟಿರಲೂಬಹುದು. ಕಂಡಕ್ಟರು ಮೋಸ ಮಾಡಿದ ಎಂದು ಜಗಳಕ್ಕೆ ಹೋಗುವ ಮೊದಲು ಇದು ನೆನಪಿರಲಿ.

ಟಿಕೆಟ್ಟಿನಲ್ಲಿ ಮುದ್ರಣವಾಗುವುದೂ ಸ್ಟೇಜುಗಳ ಹೆಸರೇ. ನೀವು ಇಳಿಯುವ ನಿಲ್ದಾಣದ ಹೆಸರು ಅದರಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಡಿ. ನೀವು ಹೇಳಿದ ಊರಿಗಿಂತ ಮುಂದಿನ ಹೆಸರಿದ್ದರೆ ಸರಿಯಾಗಿಯೇ ಇದೆ. ಹಿಂದಿನ ಹೆಸರಿದ್ದರೆ ಆಗಲೇ ಕೇಳಿ. ಸ್ಟೇಜು ದಾಟಿ ಕೂತಿರುವಾಗ ತಪಾಸಣೆಯವರು ಹತ್ತಿದರೆ ದಂಡ ಬೀಳುವುದು ನಿಮಗೆ. ಇಳಿಯುವವರೆಗೆ ಟಿಕೆಟ್ ಕೈಯಲ್ಲೇ ಇರಲಿ.

ಬಸ್ಸು ಬದಲಾಯಿಸಿದರೆ ಲೆಕ್ಕ ಮತ್ತೆ ಮೊದಲ ಸ್ಟೇಜಿನಿಂದ ಶುರು. ಒಂದೇ ಬಸ್ಸಿನಲ್ಲಿ ಹತ್ತು ಕಿಲೋಮೀಟರು ಹೋಗುವುದಕ್ಕಿಂತ ಎರಡು ಬಸ್ಸಿನಲ್ಲಿ ಐದೈದು ಕಿಲೋಮೀಟರು ಹೋಗುವುದು ದುಬಾರಿ. ಈ ನಷ್ಟವನ್ನು ತಪ್ಪಿಸುವುದಕ್ಕೇ ದಿನದ ಪಾಸು ಇರುವುದು. ಸಾಧಾರಣ ಬಸ್ಸಿನದು 80 ರೂಪಾಯಿ, ಕಂಡಕ್ಟರ ಹತ್ತಿರವೇ ಸಿಗುತ್ತದೆ. ವಾರದ್ದು 350, ತಿಂಗಳಿನದು 1,200. ದಿನಕ್ಕೆ ಎರಡೇ ಪ್ರಯಾಣವಿದ್ದರೆ ಟಿಕೆಟ್ ತೆಗೆದುಕೊಳ್ಳಿ. ಉದ್ದದ ಪ್ರಯಾಣ ನಾಲ್ಕಾದರೆ ಪಾಸು ತೆಗೆದುಕೊಳ್ಳಿ. ಮೂರಾದರೆ ಹೆಚ್ಚುಕಡಿಮೆ ಸಮ, ಆದರೆ ಹೊಸಬರಿಗೆ ಆಗಲೂ ಪಾಸೇ ವಾಸಿ, ಏಕೆಂದರೆ ತಪ್ಪು ಬಸ್ ಹತ್ತಿದರೆ ಇಳಿದು ಇನ್ನೊಂದನ್ನು ಹತ್ತಲು ದುಡ್ಡು ಬೇಡ. ಈ ಪಾಸು ಎಸಿ ಬಸ್ಸಿಗಾಗಲಿ ವಿಮಾನ ನಿಲ್ದಾಣದ ಬಸ್ಸಿಗಾಗಲಿ ನಡೆಯುವುದಿಲ್ಲ. ಕೊಟ್ಟ ತಾರೀಕಿಗೆ ಮಾತ್ರ ಎಂಬುದೂ ಗಮನದಲ್ಲಿರಲಿ. ಸಂಜೆ ಏಳಕ್ಕೆ ತೆಗೆದುಕೊಂಡು ಮರುದಿನ ಸಂಜೆವರೆಗೆ ಎಂದು ಎಣಿಸಬೇಡಿ.

ಚಿಲ್ಲರೆಯ ವಿಷಯ. ಬೆಳಗಿನ ಮೊದಲ ಬಸ್ಸಿನಲ್ಲಿ 500ರ ನೋಟು ಕೊಟ್ಟರೆ ಕಂಡಕ್ಟರು ಉಳಿಕೆಯನ್ನು ಟಿಕೆಟ್ಟಿನ ಬೆನ್ನಿಗೆ ಬರೆದುಕೊಡುತ್ತಾರೆ. ಇಳಿಯುವಾಗ ಕೇಳಿ ತೆಗೆದುಕೊಳ್ಳಬೇಕಾದ್ದು ನೀವು. ಇಳಿದ ಮೇಲೆ ಅದು ಬಂದ ಹಾಗೆಯೇ. ನಿಮ್ಮ ನಿಲ್ದಾಣಕ್ಕೆ ಎರಡು ಸ್ಟಾಪು ಇರುವಾಗಲೇ ಎದ್ದು ಹೋಗಿ ಕೇಳಿ. ಯುಪಿಐ ಕೋಡು ಕಂಡಕ್ಟರ ಹತ್ತಿರ ಇರುತ್ತದೆ, ಆದರೆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುವುದೂ ಇದೆ. ಹತ್ತು, ಇಪ್ಪತ್ತರ ನೋಟುಗಳು ನಾಲ್ಕಾರು ಇದ್ದರೆ ತಲೆಬಿಸಿ ಇಲ್ಲ.

ಹೆಂಗಸರಿಗೆ ಉಚಿತವೇ? ನಮ್ಮ ಕಡೆಯವರಿಗೆ ಅಲ್ಲ

ಕಾಸರಗೋಡಿನವರು ಹೆಚ್ಚು ಎಡವುವುದು ಇಲ್ಲಿಯೇ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ, ಸಾಧಾರಣ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ಅದು ಕರ್ನಾಟಕದ ನಿವಾಸಿಗಳಿಗೆ. ಕಂಡಕ್ಟರು ನೋಡುವುದು ಗುರುತಿನ ಚೀಟಿಯ ವಿಳಾಸವನ್ನು. ಮಂಜೇಶ್ವರದ ವಿಳಾಸದ ಆಧಾರ್ ಕಾರ್ಡ್ ತೋರಿಸಿದರೆ ಉಚಿತ ಟಿಕೆಟ್ ಸಿಗುವುದಿಲ್ಲ. ನೀವು ಅವರಿಗಿಂತ ಚೆನ್ನಾಗಿ ಕನ್ನಡ ಮಾತಾಡಿದರೂ ಲೆಕ್ಕಕ್ಕೆ ಬರುವುದು ಪಿನ್‌ಕೋಡು. ಇದರಲ್ಲಿ ಕಂಡಕ್ಟರ ತಪ್ಪೇನೂ ಇಲ್ಲ, ವಾದ ಮಾಡಿ ಫಲವೂ ಇಲ್ಲ.

ಓದಲು ಅಥವಾ ಕೆಲಸಕ್ಕೆ ಬೆಂಗಳೂರಿನಲ್ಲೇ ನೆಲೆಸಿ, ಆಧಾರ್ ವಿಳಾಸವನ್ನು ಅಲ್ಲಿಗೆ ಬದಲಾಯಿಸಿಕೊಂಡಿದ್ದರೆ ಸಿಗುತ್ತದೆ. ಆದರೆ ವಿಳಾಸ ಬದಲಿಸುವುದು ಬರೀ ಬಸ್ಸಿನ ಮಾತಲ್ಲ, ಊರಿನ ರೇಷನ್ ಕಾರ್ಡು, ಮೀಸಲಾತಿಯ ದಾಖಲೆ ಇವುಗಳನ್ನೆಲ್ಲ ಯೋಚಿಸಿ ಮಾಡಬೇಕಾದ್ದು. ಉಚಿತವಾಗಿ ಹೋಗುವವರೂ ಶೂನ್ಯ ದರದ ಟಿಕೆಟ್ ಕೇಳಿ ಪಡೆಯಲೇಬೇಕು. ಒಂದೇ ಗುಂಪಿನಲ್ಲಿ ಬೆಂಗಳೂರಿನ ಅತ್ತಿಗೆಯೂ ಕುಂಬಳೆಯ ನಾದಿನಿಯೂ ಇದ್ದರೆ ಒಬ್ಬರಿಗೆ ಶೂನ್ಯದ ಟಿಕೆಟ್, ಇನ್ನೊಬ್ಬರಿಗೆ ದುಡ್ಡಿನ ಟಿಕೆಟ್ ಎಂದು ಮೊದಲೇ ಬಿಡಿಸಿ ಹೇಳಿ. ಇಬ್ಬರೂ ಉಚಿತವೆಂದು ಸುಮ್ಮನೆ ಕೂತರೆ ತಪಾಸಣೆಯಲ್ಲಿ ಸಿಕ್ಕಿಬೀಳುವುದು ನಾದಿನಿ.

ಒಂದು ದಿನದ ಓಡಾಟ, ಮೊದಲಿಂದ ಕೊನೆವರೆಗೆ

ಕುಂಬಳೆಯ ಹುಡುಗನೊಬ್ಬನಿಗೆ ಮಾರತ್ತಹಳ್ಳಿಯಲ್ಲಿ ಸಂದರ್ಶನ, ಸಂಜೆ ಸಿಲ್ಕ್ ಬೋರ್ಡಿನ ಹತ್ತಿರ ಚಿಕ್ಕಪ್ಪನ ಮನೆ, ರಾತ್ರಿ ಮೆಜೆಸ್ಟಿಕ್‌ನಿಂದ ಊರಿಗೆ ಬಸ್ಸು ಎಂದು ಇಟ್ಟುಕೊಳ್ಳೋಣ. ಬಂದದ್ದು ಮಡಿಕೇರಿ, ಮೈಸೂರಿನ ದಾರಿಯಾಗಿ.

1. ಬೆಳಗ್ಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ. ಬಂದ ಬಸ್ಸು ಮೆಜೆಸ್ಟಿಕ್‌ವರೆಗೆ ಹೋಗುವುದಾದರೆ ಇಳಿಯಲೇಬೇಡಿ. ಇಲ್ಲೇ ಕೊನೆಯಾದರೆ ನಿಲ್ದಾಣದ ಹೊರಗೆ ಮುಖ್ಯರಸ್ತೆಗೆ ಬಂದು, ಊರೊಳಗೆ ಹೋಗುವ ಮಗ್ಗುಲಲ್ಲಿ ನಿಂತು, 22ರಿಂದ ಶುರುವಾಗುವ ಯಾವುದಾದರೂ ಬಸ್ಸು ನೋಡಿ. ಫಲಕದಲ್ಲಿ ಮೆಜೆಸ್ಟಿಕ್ ಇದೆಯೋ ಮಾರ್ಕೆಟ್ ಇದೆಯೋ ಓದಿ. ಎರಡೂ ಒಂದೇ ರಸ್ತೆಯಿಂದ ಬರುತ್ತವೆ, ಮುಟ್ಟುವ ಜಾಗ ಬೇರೆ. ಬ್ಯಾಗು ಹಗುರವಾಗಿದ್ದರೆ ಹತ್ತಿರದ ದೀಪಾಂಜಲಿ ನಗರ ಸ್ಟೇಶನ್ನಿನಿಂದ ಮೆಟ್ರೋದಲ್ಲಿ ಹೋಗುವುದು ಬೇಗ.

2. ಈ ಮೊದಲ ಬಸ್ಸಿನಲ್ಲೇ ದಿನದ ಪಾಸು ಕೇಳಿ. ಇವತ್ತು ಬಸ್ಸು ನಾಲ್ಕು ಆಗಲಿವೆ. ಬಿಡಿ ಟಿಕೆಟ್ಟುಗಳನ್ನು ಕೂಡಿಸಿದರೆ 80ರ ಹತ್ತಿರಕ್ಕೆ ಬರುತ್ತದೆ. ನಡುವೆ ಒಂದು ಸಲ ಎಡವಿದರೂ ಪಾಸು ಕೈಹಿಡಿಯುತ್ತದೆ.

3. ಮೆಜೆಸ್ಟಿಕ್‌ನಲ್ಲಿ ಮೊದಲು ತಿಳಿಯಬೇಕಾದ್ದು ಅಲ್ಲಿ ಎರಡು ನಿಲ್ದಾಣಗಳಿವೆ ಎಂಬುದು. ಒಂದು ದೂರದ ಊರಿನ ಕೆಎಸ್‌ಆರ್‌ಟಿಸಿ ಬಸ್ಸುಗಳದು, ಇನ್ನೊಂದು ಬಿಎಂಟಿಸಿಯದು. ರೈಲಿನಲ್ಲಿ ಬಂದವರಿಗೆ ಸಿಟಿ ರೈಲ್ವೆ ಸ್ಟೇಶನ್ನಿನ ಎದುರೇ ಇದೆ. ಬಿಎಂಟಿಸಿ ಬದಿಯಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಪ್ಲಾಟ್‌ಫಾರಂ. ಯಾರೋ ಹೇಳಿದ ಹಳೆಯ ಪ್ಲಾಟ್‌ಫಾರಂ ನಂಬರು ನಂಬಬೇಡಿ, ಅವು ಆಗಾಗ ಅದಲುಬದಲಾಗುತ್ತವೆ. ವಿಚಾರಣೆಯ ಕೌಂಟರಿನಲ್ಲಿ "335ಇ ಎಲ್ಲಿ ನಿಲ್ಲತ್ತೆ ಸಾರ್?" ಎಂದು ನಂಬರು ಹೇಳಿ ಕೇಳಿ. ಊರಿನ ಹೆಸರು ಹೇಳಿದರೆ ಹತ್ತು ದಾರಿ ಹೇಳುತ್ತಾರೆ, ನಂಬರು ಹೇಳಿದರೆ ಒಂದೇ ಪ್ಲಾಟ್‌ಫಾರಂ ತೋರಿಸುತ್ತಾರೆ.

4. 335ಇ ಹತ್ತಿ. ಮುಂದಿನ ಸೀಟುಗಳು ಹೆಂಗಸರಿಗೆ, ಖಾಲಿ ಕಂಡರೂ ಗಂಡಸರು ಕೂರಬಾರದು, ದಂಡವಿದೆ. ಮಾರತ್ತಹಳ್ಳಿಗೆ ಇದು ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಒಂದು ಗಂಟೆ ದಾಟುವ ಪ್ರಯಾಣ. ಹತ್ತು ಗಂಟೆಯ ಸಂದರ್ಶನಕ್ಕೆ ಎಂಟೂವರೆಗೆ ಮೆಜೆಸ್ಟಿಕ್ ಬಿಟ್ಟರೆ ಸಾಕೆಂದು ಲೆಕ್ಕ ಹಾಕಬೇಡಿ, ಏಳೂವರೆಗೆ ಬಸ್ಸಿನೊಳಗಿರಿ.

5. ಸಂಜೆ ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡಿಗೆ. ನೀವು ಬೆಳಗ್ಗೆ ಇಳಿದದ್ದು ಹಳೇ ಏರ್‌ಪೋರ್ಟ್ ರಸ್ತೆಯ ನಿಲ್ದಾಣದಲ್ಲಿ. 500ಡಿ ಓಡುವುದು ಅದನ್ನು ಅಡ್ಡ ಹಾಯುವ ಹೊರ ವರ್ತುಲ ರಸ್ತೆಯಲ್ಲಿ. ಇಳಿದಲ್ಲೇ ಕಾದರೆ ಇಡೀ ಸಂಜೆ ಕಾಯಬಹುದು, ಬಸ್ಸು ಬರುವುದಿಲ್ಲ. ಜಂಕ್ಷನ್ನಿಗೆ ನಡೆದು ಹೋಗಿ, ವರ್ತುಲ ರಸ್ತೆಯ ನಿಲ್ದಾಣ ಹಿಡಿದು, ಫಲಕದಲ್ಲಿ ಸಿಲ್ಕ್ ಬೋರ್ಡ್ ಎಂದಿರುವುದನ್ನು ಹತ್ತಿ. V ಎಂದು ಶುರುವಾದರೆ ಬಿಡಿ, ನಿಮ್ಮ ಪಾಸು ಅದರಲ್ಲಿ ನಡೆಯುವುದಿಲ್ಲ.

6. ರಾತ್ರಿ ಸಿಲ್ಕ್ ಬೋರ್ಡಿನಿಂದ ಮೆಜೆಸ್ಟಿಕ್‌ಗೆ. ಹೊಸೂರು ರಸ್ತೆಯಿಂದ ಊರೊಳಗೆ ಬರುವ 356, 360ರ ಬಸ್ಸುಗಳು. ಇವುಗಳಲ್ಲಿ ಕೆಲವು ಮೆಜೆಸ್ಟಿಕ್‌ಗೆ ಹೋದರೆ ಕೆಲವು ಮಾರ್ಕೆಟ್‌ನಲ್ಲೇ ಮುಗಿಯುತ್ತವೆ, ಬೇರೆ ಕಡೆ ತಿರುಗುವವೂ ಇವೆ. ತಪ್ಪಿ ಮಾರ್ಕೆಟ್ ಬಸ್ಸು ಹತ್ತಿದರೂ ಮುಳುಗುವುದೇನಿಲ್ಲ, ಅಲ್ಲಿಂದ ಮೆಜೆಸ್ಟಿಕ್ ಹತ್ತಿರ. ಊರಿನ ಬಸ್ಸು ಹತ್ತು ಗಂಟೆಗಾದರೆ ಎಂಟಕ್ಕೇ ಸಿಲ್ಕ್ ಬೋರ್ಡು ಬಿಡಿ. ಆ ಜಂಕ್ಷನ್ನಿನ ಸಂಜೆಯ ಟ್ರಾಫಿಕ್ಕು ಯಾರ ಲೆಕ್ಕಕ್ಕೂ ಸಿಗುವಂಥದ್ದಲ್ಲ.

ದಾರಿಯಲ್ಲಿ ಬಸ್ಸು ಎಲ್ಲಿದೆ ಎಂದು ನೋಡಲು ಬಿಎಂಟಿಸಿಯದೇ Namma BMTC ಆ್ಯಪ್ ಇದೆ. ನಂಬರು ಒತ್ತಿದರೆ ದಾರಿಯ ನಿಲ್ದಾಣಗಳ ಪಟ್ಟಿ ಸಿಗುತ್ತದೆ. ಬಸ್ಸು ಬರುವ ಹೊತ್ತು ಅದರಲ್ಲಿ ತೋರಿಸಿದ್ದಕ್ಕಿಂತ ಆಚೀಚೆ ಆಗುವುದುಂಟು. ಆದರೆ ನಿಲ್ದಾಣಗಳ ಪಟ್ಟಿಯೊಂದಕ್ಕೇ ಅದನ್ನು ಇಟ್ಟುಕೊಳ್ಳಬಹುದು. ನಿಮ್ಮ ನಿಲ್ದಾಣಕ್ಕೆ ಮೊದಲು ಬರುವ ಎರಡು ಹೆಸರು ಬರೆದುಕೊಂಡರೆ ಯಾವಾಗ ಏಳಬೇಕೆಂದು ತಾನಾಗಿ ಗೊತ್ತಾಗುತ್ತದೆ.

ಹತ್ತು ಗಂಟೆಯ ಮೇಲೆ

ರಾತ್ರಿಯ ಬಸ್ಸಿನಲ್ಲಿ ಎರಡು ಬಗೆ. ಒಂದು, ಹಗಲಿನ ಬಸ್ಸಿನದೇ ಕೊನೆಯ ಸರತಿ. ಇನ್ನೊಂದು, ರಾತ್ರಿಗೆಂದೇ ಬಿಟ್ಟ ಸೇವೆ. ಇವೆರಡನ್ನು ಕಲಸಿಕೊಂಡರೆ ನಡುರಸ್ತೆಯಲ್ಲಿ ಉಳಿಯಬೇಕಾಗುತ್ತದೆ.

ಹತ್ತು ಗಂಟೆಯಾದ ಮೇಲೆ ಹಗಲಿನ ದಾರಿಗಳಲ್ಲಿ ಬಸ್ಸು ವಿರಳವಾಗುತ್ತದೆ. ಆಗ ಬರುವ ಬಸ್ಸುಗಳಲ್ಲಿ ಎಷ್ಟೋ ಬಸ್ಸುಗಳ ಫಲಕದಲ್ಲಿ ಡಿಪೋ ಎಂಬ ಹೆಸರಿರುತ್ತದೆ. ನಂಬರು ಸರಿಯೇ ಇರುತ್ತದೆ, ಆದರೆ ಬಸ್ಸು ಹೋಗುವುದು ದಾರಿಯ ಕೊನೆಗಲ್ಲ, ನಡುವೆ ಎಲ್ಲೋ ಇರುವ ತನ್ನ ಡಿಪೋಗೆ. ಅಲ್ಲಿ ಎಲ್ಲರನ್ನೂ ಇಳಿಸುತ್ತಾರೆ. ಆದ್ದರಿಂದ ರಾತ್ರಿ ಹತ್ತುವಾಗ ಬಸ್ಸಿನ ನಂಬರು ಕೇಳುವುದಲ್ಲ, ನಿಮ್ಮ ನಿಲ್ದಾಣದ ಹೆಸರು ಹೇಳಿ "ಅಲ್ಲಿವರೆಗೂ ಹೋಗತ್ತಾ?" ಎಂದೇ ಕೇಳಬೇಕು. ಹಾಗೆಯೇ ಊರಿನ ಅಂಚಿನ ಹಳ್ಳಿಗಳಿಗೆ ಹೋದ ಕೊನೆಯ ಬಸ್ಸು ಅಲ್ಲೇ ತಂಗುತ್ತದೆ, ಅದಕ್ಕೆ ನೈಟ್ ಹಾಲ್ಟ್ ಎನ್ನುತ್ತಾರೆ. ಅದು ಹೊರಗೆ ಹೋಗುವವರಿಗೆ ಅನುಕೂಲ, ಒಳಗೆ ಬರಬೇಕಾದವರಿಗೆ ಬೆಳಗಿನವರೆಗೆ ಬಸ್ಸಿಲ್ಲ.

ರಾತ್ರಿ ಸೇವೆಯ ಬಸ್ಸುಗಳು ಮುಖ್ಯವಾಗಿ ಮೆಜೆಸ್ಟಿಕ್‌ನಂಥ ದೊಡ್ಡ ನಿಲ್ದಾಣಗಳಿಂದ ಹೊರಗಿನ ಬಡಾವಣೆಗಳ ಕಡೆ ಹೋಗುತ್ತವೆ. ಹಗಲಿನಲ್ಲಿ ಸುತ್ತ ಓಡುವ ಅಡ್ಡದಾರಿಗಳನ್ನು ರಾತ್ರಿ ನೆಚ್ಚಿಕೊಳ್ಳುವಂತಿಲ್ಲ. ಹೀಗಾಗಿ ರಾತ್ರಿಯ ಉಪಾಯ ಹಗಲಿನದಕ್ಕೆ ತಿರುಗುಮುರುಗು: ಮಾರತ್ತಹಳ್ಳಿಯಿಂದ ಹೆಬ್ಬಾಳಕ್ಕೆ ನೇರ ಬಸ್ಸಿಗೆ ಕಾಯುವುದಕ್ಕಿಂತ ಮೊದಲು ಮೆಜೆಸ್ಟಿಕ್ ಮುಟ್ಟಿ, ಅಲ್ಲಿಂದ ಹೆಬ್ಬಾಳದ ಕಡೆ ಹೋಗುವುದು ಲೇಸು. ದೂರ ಹೆಚ್ಚು, ಆದರೆ ಬೆಳಕಿರುವ, ಜನರಿರುವ ಜಾಗದಲ್ಲಿ ಕಾಯುತ್ತೀರಿ. ಎರಡು ಬಸ್ಸುಗಳ ನಡುವಿನ ಅಂತರ ದೊಡ್ಡದು. ಆದ್ದರಿಂದ ನಿಲ್ದಾಣದ ಕಂಟ್ರೋಲರ್ ಹತ್ತಿರ ಮುಂದಿನದು ಎಷ್ಟು ಹೊತ್ತಿಗೆ ಎಂದು ಕೇಳಿಯೇ ಕೂರಿ. ದರವನ್ನೂ ಹತ್ತುವ ಮೊದಲೇ ಕೇಳಿ. ದಿನದ ಪಾಸಿನ ತಾರೀಕು ನಡುರಾತ್ರಿಗೆ ಬದಲಾಗುತ್ತದೆ ಎಂಬುದನ್ನು ಮರೆತು ಹನ್ನೆರಡೂವರೆಗೆ ಅದನ್ನೇ ತೋರಿಸುವವರು ಬಹಳ.

ಇಡೀ ರಾತ್ರಿ ನೆಚ್ಚಬಹುದಾದ್ದು ವಾಯುವಜ್ರ. ಮೆಜೆಸ್ಟಿಕ್‌ನಿಂದ KIA-9, ಎಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡು, ಹೊರ ವರ್ತುಲ ರಸ್ತೆ, ಹೆಬ್ಬಾಳದ ಮೇಲೆ KIA-8. ಊರಿನ ನಡುವಿನಿಂದ ವಿಮಾನ ನಿಲ್ದಾಣಕ್ಕೆ ಟಿಕೆಟ್ 200 ರೂಪಾಯಿ ದಾಟುತ್ತದೆ, ಟ್ಯಾಕ್ಸಿಯ ಮುಂದೆ ಅದು ಏನೂ ಅಲ್ಲ. ಗಲ್ಫಿಗೆ ಹೋಗುವವರು ಕೆಲವೊಮ್ಮೆ ಮಂಗಳೂರಿನ ಬದಲು ಬೆಂಗಳೂರಿನಿಂದ ಹಾರುತ್ತಾರೆ. ಅಂಥವರು ಮೆಜೆಸ್ಟಿಕ್‌ನಲ್ಲಿ ಇಳಿದು ದೊಡ್ಡ ಪೆಟ್ಟಿಗೆಗಳನ್ನು ಸಾಧಾರಣ ಬಸ್ಸಿಗೆ ತುರುಕುವ ಬದಲು ನೇರ KIA ಹತ್ತುವುದು ಬುದ್ಧಿವಂತಿಕೆ, ಸಾಮಾನು ಇಡಲು ಅದರಲ್ಲಿ ಜಾಗವಿದೆ.

ಊರಿನ ಬಸ್ಸು ಕೆಲವೊಮ್ಮೆ ನಸುಕಿನ ನಾಲ್ಕಕ್ಕೇ ತಲುಪಿಬಿಡುತ್ತದೆ. ಆಗ ದಾರಿಮಧ್ಯೆ ನೈಸ್ ರಸ್ತೆಯ ಜಂಕ್ಷನ್ನಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಒಬ್ಬರೇ ಇಳಿಯಬೇಡಿ. ಸ್ಯಾಟಲೈಟ್ ಅಥವಾ ಮೆಜೆಸ್ಟಿಕ್ ನಿಲ್ದಾಣದ ಒಳಗೇ ಕೂತು ಐದೂವರೆಯ ಹೊತ್ತಿನವರೆಗೆ ಕಾಯಿರಿ. ಡಿಪೋಗಳಿಂದ ಬೆಳಗಿನ ಬಸ್ಸುಗಳು ಆ ಹೊತ್ತಿಗೆ ಹೊರಬೀಳುತ್ತವೆ. ಹೊರಗೆ ನಿಂತ ಆಟೋದವರು ಈಗ ಬಸ್ಸಿಲ್ಲ ಎಂದು ಹೇಳುವುದು ಇದೇ ಹೊತ್ತಿನಲ್ಲಿ. ಅದು ಮುಕ್ಕಾಲು ಪಾಲು ನಿಜ, ಐದೂವರೆ ಕಳೆದರೆ ಪೂರ್ತಿ ಸುಳ್ಳು.